ನೂರರೊಳಗೆ ಒಂದು ರೊಟ್ಟಿ

ಮಾತು ಮೊಟಕು ಮಾಡುವುದರಲ್ಲಿ ಪ್ರೇಮಲತಾಳನ್ನು ಮೀರಿಸುವವರು ದಾವಣಗೆರೆಯಲ್ಲಿ ಇಲ್ಲ ಅಂತ ಮೊದಲು ಹೇಳಿದವರು ಯಾರೋ ಗೊತ್ತಿಲ್ಲ, ಅದನ್ನು ಗಟ್ಟಿಯಾಗಿ ನಂಬಿದವಳು ಮಾತ್ರ ಪ್ರೇಮಲತಾ. ಹದಿನಾಲ್ಕು ವರ್ಷ ಡಿಟಿಪಿ ಮಾಡಿದ ಕೈ ಅದು. ಮೂರು ತಲೆಮಾರಿನ ಹಿರಿಯರು, ನಾಲ್ಕು ಜನ ಸೋದರಮಾವಂದಿರು, ಅವರವರ ಹುದ್ದೆ, ಊಟದ ಹೊತ್ತು, ಛತ್ರಕ್ಕೆ ಹೋಗುವ ದಾರಿ, ಇಷ್ಟನ್ನೂ ಅಂಗೈಯಗಲದ ಲಗ್ನಪತ್ರಿಕೆಯಲ್ಲಿ ಕೂಡಿಸಿ, ಒಬ್ಬ ಮಾವನೂ ಮುನಿಸಿಕೊಳ್ಳದ ಹಾಗೆ ಮಾಡಿಕೊಟ್ಟವಳು. ಯಾರ ಹೆಸರಿನ ಮುಂದಿನ 'ಶ್ರೀ' ತೆಗೆದರೆ ಜಗಳ ಆಗುತ್ತದೆ, ಯಾರದ್ದು ತೆಗೆದರೆ ನಡೆಯುತ್ತದೆ ಅಂತ ಆ ಮನೆಯವರಿಗಿಂತ ಚೆನ್ನಾಗಿ ಅವಳಿಗೆ ಗೊತ್ತಿರುತ್ತಿತ್ತು.

ಈಗ ಲಗ್ನಪತ್ರಿಕೆಯೇ ಫೋನಿನಲ್ಲಿ ಹೋಗುವ ಕಾಲ. ಅವಳೂ ಕಾಲ ನೋಡಿ ಕೆಲಸ ಬದಲಿಸಿದಳು. ಪಿ.ಜೆ. ಬಡಾವಣೆಯಲ್ಲಿ ಒಂದು ಮಹಡಿ ಕೋಣೆ, ಒಂದು ಕಂಪ್ಯೂಟರ್, ಒಂದು ಒಳ್ಳೆ ಫೋನು. ಏಳೆಂಟು ಅಂಗಡಿಗಳ ಇನ್‌ಸ್ಟಾಗ್ರಾಂ, ಯೂಟ್ಯೂಬ್ ಎಲ್ಲ ಅವಳ ಕೈಯಲ್ಲಿ. ವಿಡಿಯೋ ತೆಗೆಯುವುದು, ಕತ್ತರಿಸುವುದು, ಹಾಡು ಕೂರಿಸುವುದು, ಕೆಳಗೊಂದು ನಗಿಸುವ ಸಾಲು ಬರೆಯುವುದು. ಆ ಸಾಲಿಗೆ ಯೂಟ್ಯೂಬಿನವರು ಟೈಟಲ್ ಅನ್ನಲಿ, ಇನ್ನೊಬ್ಬರು ಮತ್ತೊಂದು ಅನ್ನಲಿ, ಅವಳ ಬಾಯಲ್ಲಿ ಎಲ್ಲವೂ ಕ್ಯಾಪ್ಷನ್. ಅಂಗಡಿಯವರು ಅವಳ ಹತ್ತಿರ ಬರುತ್ತಿದ್ದದ್ದು ಆ ಸಾಲಿಗಾಗಿಯೇ.

ಈ ಯೂಟ್ಯೂಬಿನಲ್ಲಿ ಒಂದು ಕಾಟ ಇದೆ. ಕ್ಯಾಪ್ಷನ್ ನೂರು ದಾಟುವ ಹಾಗಿಲ್ಲ. ನೂರಕ್ಷರ ಇದೆಯಲ್ಲ, ಸಾಕಷ್ಟಾಯಿತು ಅಂದುಕೊಂಡಿರೋ, ಕೆಟ್ಟಿರಿ. ಕನ್ನಡದ ಅಕ್ಷರವನ್ನು ಆ ಯಂತ್ರ ನಮ್ಮ ಹಾಗೆ ಎಣಿಸುವುದಿಲ್ಲ, ಬಿಡಿಸಿ ಬಿಡಿಸಿ ಎಣಿಸುತ್ತದೆ. 'ಕ' ಒಂದು. 'ಕಿ' ಎರಡು, ಯಾಕೆಂದರೆ ಗುಡಿಸಿಗೂ ಒಂದು ಲೆಕ್ಕ. 'ಕ್ಕ' ಮೂರು, ಎರಡು ಕ, ನಡುವೆ ಅವನ್ನು ಅಂಟಿಸುವ ಒಂದು ಅರೆಗುರುತು. ರೊಟ್ಟಿ ಅನ್ನುವುದು ನಮಗೆ ನಿಮಗೆ ಎರಡಕ್ಷರ, ಅದಕ್ಕೆ ಆರು. ನಡುವೆ ಬಿಟ್ಟ ಜಾಗಕ್ಕೂ ಒಂದೊಂದು, ನಗುವ ಗೊಂಬೆಮುಖಕ್ಕೆ ಎರಡು. ಇಂಗ್ಲಿಷಿನವರು ಉದ್ದಕ್ಕೆ ಕಾಲು ಚಾಚಿ ಕೂರುವ ಜಾಗದಲ್ಲಿ ನಾವು ಮಂಡಿ ಮಡಚಿ ಕೂರಬೇಕು. ಪ್ರೇಮಲತಾ ಇದನ್ನೂ ಪಳಗಿಸಿಕೊಂಡಿದ್ದಳು. ಒತ್ತಕ್ಷರ ಇರುವ ಪದ ಕಂಡರೆ ಸಾಕು, ಅದರ ಬದಲಿಗೆ ಒತ್ತಿಲ್ಲದ್ದು ಯಾವುದಿದೆ ಅಂತ ಅವಳ ತಲೆ ತಾನೇ ಓಡುತ್ತಿತ್ತು.

ಹರಿಹರದ ರೇವಣ್ಣ ಅವಳ ಗಿರಾಕಿಗಳಲ್ಲೊಬ್ಬ. ಬಸ್‌ಸ್ಟ್ಯಾಂಡಿನಿಂದ ಕೂಗಳತೆಯಲ್ಲಿ 'ಬೆಳಕಿಂಡಿ ಆಪ್ಟಿಕಲ್ಸ್' ಅಂತ ಅವನ ಕನ್ನಡಕದ ಅಂಗಡಿ. ಪ್ರತಿ ಮಂಗಳವಾರ ಪ್ರೇಮಲತಾ ದಾವಣಗೆರೆಯಿಂದ ಬಸ್ಸಿನಲ್ಲಿ ಹೋಗಿ, ಬಂದ ಗಿರಾಕಿಗಳನ್ನು ಕೇಳಿ, ಒಪ್ಪಿದವರದ್ದು ನಾಲ್ಕೈದು ವಿಡಿಯೋ ಮಾಡಿಕೊಂಡು ಬರುತ್ತಿದ್ದಳು. ಆ ಮಂಗಳವಾರ ಕೊಕ್ಕನೂರಿನಿಂದ ಹಂಪವ್ವ ಅಂತ ಒಬ್ಬ ಅಜ್ಜಿ ಬಂದಿದ್ದಳು. ಅರವತ್ತೈದು ದಾಟಿದ ಹೆಣ್ಣು, ಹಣೆ ತುಂಬ ಕುಂಕುಮ, ಗಟ್ಟಿ ದನಿ. ಮಗ ಹನುಮೇಶ್ ಅವಳನ್ನು ಅಂಗಡಿಯಲ್ಲಿ ಕೂರಿಸಿ ಗೊಬ್ಬರ ತರಲು ಹೋಗಿದ್ದ.

ಕನ್ನಡಕ ಹಾಕಿದ ಮೇಲೆ ಹತ್ತಿರದ್ದು ಕಾಣುತ್ತದೋ ಇಲ್ಲವೋ ನೋಡಲು ರೇವಣ್ಣ ಎಲ್ಲರ ಕೈಗೂ ಪೇಪರ್ ಕೊಡುತ್ತಾನೆ. ಹಂಪವ್ವನಿಗೆ ಓದು ಬರದು. ಹಾಗಾದರೆ ನಿಮ್ಮ ಹತ್ತಿರ ಏನೈತೋ ಅದನ್ನೇ ನೋಡ್ರಿ ಅಂದ. ಅವಳ ಹತ್ತಿರ ಇದ್ದದ್ದು ಬುತ್ತಿಗಂಟು. ಬಿಚ್ಚಿದಳು. ಜೋಳದ ರೊಟ್ಟಿಯೊಂದನ್ನು ಎತ್ತಿ ಬೆಳಕಿಗೆ ಹಿಡಿದಳು, ತಿರುಗಿಸಿದಳು, ಅಂಚಿನ ಸುತ್ತ ಬೆರಳಾಡಿಸಿದಳು. ಆಮೇಲೆ ಅವಳ ಮುಖದಲ್ಲಿ ಮೂಡಿದ ನಗೆಯನ್ನು ನೋಡಬೇಕಿತ್ತು, ಕಳ್ಳತನ ಮಾಡಿ ಸಿಕ್ಕಿಬಿದ್ದವರ ನಗೆ. ಪ್ರೇಮಲತಾಳ ಫೋನು ಅದನ್ನು ನೋಡಿತು. ಅಜ್ಜಿ ಹೇಳಿದಳು:

"ಇಪ್ಪತ್ತು ವರ್ಷದಿಂದ ಸೊಸೆ ರೊಟ್ಟಿ ಸೊಟ್ಟ ಅಂತ ಬೈದೆ. ಕನ್ನಡಕ ಹಾಕ್ಕಂಡು ನೋಡಿದ್ರೆ ರೊಟ್ಟಿ ದುಂಡಗೈತೆ, ಸೊಟ್ಟ ಇದ್ದಿದ್ದು ನನ್ನ ಕಣ್ಣು!"

ಅಂಗಡಿಯಲ್ಲಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು. ಪ್ರೇಮಲತಾ ಅಂತೂ ಕೈ ಅಲುಗದ ಹಾಗೆ ಫೋನು ಹಿಡಿಯಲು ತುಟಿ ಕಚ್ಚಿಕೊಂಡಿದ್ದಳು. ವಿಡಿಯೋ ಮುಗಿದ ಮೇಲೆ ಇದನ್ನ ಫೋನಿನಲ್ಲಿ ಹಾಕಲಾ ಅಜ್ಜಿ ಅಂತ ಕೇಳಿದಳು. ಹಂಪವ್ವ ತುಸು ಯೋಚನೆ ಮಾಡಿ, "ನಮ್ಮ ಅಂಬಿಕಾನ ಫೋನ್ನಾಗೂ ಬರ್ತೈತೇನು?" ಅಂದಳು. ಅಂಬಿಕಾ ಅಂದರೆ ಸೊಸೆ. ಬರುತ್ತದೆ ಅಂದಳು ಪ್ರೇಮಲತಾ. ಹಂಗಾರೆ ಹಾಕು ತಾಯಿ, ಎದುರಿಗೆ ನಿಂತು ಹೇಳಾಕೆ ನನಗೆ ಬಾಯಿ ಬರಾಂಗಿಲ್ಲ ಅಂದಳು ಅಜ್ಜಿ, ರೊಟ್ಟಿಯನ್ನು ಮತ್ತೆ ಬಟ್ಟೆಯಲ್ಲಿ ಸುತ್ತುತ್ತಾ.

ಈ ಮಾತನ್ನು ಪ್ರೇಮಲತಾ ಕೇಳಿಸಿಕೊಂಡಿದ್ದಳು. ಕೇಳಿಸಲಿಲ್ಲ ಅಂತ ಆಮೇಲೆ ತನಗೆ ತಾನೇ ಹೇಳಿಕೊಳ್ಳಲು ನೋಡಿದಳು, ಆಗಲಿಲ್ಲ.

ಗುರುವಾರ ಮಧ್ಯಾಹ್ನ ಕೂತಳು ಕೆಲಸಕ್ಕೆ. ವಿಡಿಯೋದ ದನಿ ಕೆಲಸಕ್ಕೆ ಬರುವಂತಿರಲಿಲ್ಲ. ಅಂಗಡಿಯ ಹಿಂದೆ ಗಾಜು ಉಜ್ಜುವ ಮಷೀನು ಗುಂಯ್ ಅಂತ ಒಂದೇ ಸಮ ಕೂಗಿತ್ತು. ದನಿ ತೆಗೆದು ಒಂದು ತಮಾಷೆಯ ವಾದ್ಯ ಕೂರಿಸಿದಳು. ಅಂದಮೇಲೆ ಅಜ್ಜಿಯ ಮಾತು ಉಳಿಯಬೇಕಾದದ್ದು ಕ್ಯಾಪ್ಷನ್ನಿನಲ್ಲಿ ಮಾತ್ರ. ಮಾತನ್ನು ಇದ್ದಂತೇ ಹೊಡೆದಳು. ನೂರಾ ಹದಿನೈದು. ಕ್ಯಾಪ್ಷನ್ ಹೊಡೆಯುವ ಪೆಟ್ಟಿಗೆ ಕೆಂಪಾಯಿತು. 'ಇಪ್ಪತ್ತು ವರ್ಷದಿಂದ' ಅನ್ನುವುದನ್ನು ತೆಗೆದಳು, ಮನಸ್ಸಿಲ್ಲದ ಮನಸ್ಸಿನಿಂದ. ತೊಂಬತ್ತೇಳು. ಪೆಟ್ಟಿಗೆ ಸುಮ್ಮನಾಯಿತು, ನಗೆಯೂ ಉಳಿಯಿತು. ಬೆನ್ನು ತಟ್ಟಿಕೊಳ್ಳುತ್ತಾ ರೇವಣ್ಣನಿಗೆ ಕಳಿಸಿದಳು.

ಐದೇ ನಿಮಿಷಕ್ಕೆ ಅವನ ಫೋನು. ಎಲ್ಲಾ ಚಲೋ ಐತೆ ಮೇಡಂ, ನಮ್ಮ ಅಂಗಡಿ ಹೆಸರೇ ಇಲ್ಲವಲ್ಲ, ಊರಿನ ಹೆಸರೂ ಇಲ್ಲ ಅಂದ. ಹೆಸರು ವಿಡಿಯೋದ ಕೆಳಗೆ ಚಾನೆಲ್ಲಿನ ಜಾಗದಲ್ಲಿ ಹೇಗೂ ಕಾಣುತ್ತದೆ. ಅದನ್ನು ಹೇಳಿದ್ದರೆ ಮುಗಿಯುತ್ತಿತ್ತು. ಒಂದು ಮಾತು, ಅಷ್ಟೇ. ಆದರೆ ಗಿರಾಕಿಯ ಮುಂದೆ ಆಗೋದಿಲ್ಲ ಅನ್ನುವುದು ಪ್ರೇಮಲತಾಳಿಗೆ ತನ್ನ ಕಸುಬಿಗೇ ಅವಮಾನ ಅನ್ನಿಸುತ್ತಿತ್ತು. ಹೆಸರು ತಾನೆ, ಕೂರಿಸ್ತೀನಿ ಬಿಡ್ರಿ ಅಂದುಬಿಟ್ಟಳು.

ಒಂದು ನಿಂತ ಗೆರೆ, ಬೆಳಕಿಂಡಿ ಆಪ್ಟಿಕಲ್ಸ್, ಹರಿಹರ. ಇಷ್ಟಕ್ಕೇ ಇಪ್ಪತ್ತೊಂಬತ್ತು ಹೋಯಿತು. ಹಾಳು ಆಪ್ಟಿಕಲ್ಸ್ ಒಂದೇ ಹತ್ತು ತಿನ್ನುತ್ತಿತ್ತು. ಉಳಿದದ್ದು ಎಪ್ಪತ್ತೊಂದು. ಮತ್ತೆ ಕತ್ತರಿ ಹಿಡಿದಳು. ಎರಡನೇ 'ರೊಟ್ಟಿ' ತೆಗೆದಳು. 'ಹಾಕ್ಕಂಡು ನೋಡಿದ್ರೆ' ಅನ್ನುವುದನ್ನು 'ಹಾಕ್ಕಂಡ್ರೆ' ಮಾಡಿದಳು. ಎಲ್ಲಾ ಸೇರಿ ನೂರಾ ಹನ್ನೆರಡು. ಹನ್ನೆರಡು ಹೆಚ್ಚು. ಹೊರಗೆ ಬಿಸಿಲು ಕುದಿಯುತ್ತಿತ್ತು, ಫ್ಯಾನು ತಿರುಗಿದ್ದಕ್ಕಿಂತ ಕಿರುಗುಟ್ಟಿದ್ದು ಹೆಚ್ಚು, ಇನ್ನೂ ಎರಡು ಅಂಗಡಿಯ ಕೆಲಸ ಬಾಕಿ ಇತ್ತು. ಸಾಲನ್ನು ಹಿಂದುಮುಂದು ಓದಿದಳು. ಕೊನೆಯ ತುಂಡಿನ ಮೇಲೆ ಕಣ್ಣು ನಿಂತಿತು. 'ಸೊಟ್ಟ ಇದ್ದಿದ್ದು ನನ್ನ ಕಣ್ಣು'. ಇದ್ದಿದ್ದು ಅನ್ನೋದರಲ್ಲೇ ಎರಡು ಒತ್ತು. ಪೂರ್ತಿ ತುಂಡನ್ನೇ ಒರೆಸಿದಳು, ಉಳಿದದ್ದನ್ನು ಕಲಸಿ ಹೊಸದಾಗಿ ಹೊಡೆದಳು:

'ಸೊಸೆ ರೊಟ್ಟಿ ದುಂಡಗೆ ಕಾಣಾಕೆ ಕನ್ನಡಕನೇ ಬೇಕಾತು!'

ಅವಳಿಗೇ ನಗು ಬಂತು. ಒಬ್ಬಳೇ ಕೋಣೆಯಲ್ಲಿ ಕೂತು ನಕ್ಕಳು. ಮೊದಲಿನದಕ್ಕಿಂತ ಇದು ಹರಿತ, ಬಾಯಿಗೆ ಹತ್ತುವಂಥದ್ದು, ಬರೀ ನಲವತ್ತೆರಡು. ಅಂಗಡಿ ಹೆಸರೂ ಕೂತಿತು, ನಗುವ ಗೊಂಬೆಮುಖವೂ ಕೂತಿತು, ಇನ್ನೂ ಇಪ್ಪತ್ತಾರು ಜಾಗ ಮಿಕ್ಕಿತು. ನಗು ಬಂದ ಮೇಲೆ ಅವಳು ಮುಂದೆ ಹುಡುಕಲಿಲ್ಲ. ಸಾಲು ಅಷ್ಟು ಚೆನ್ನಾಗಿದೆ ಅಂತ ವಿಡಿಯೋದ ಮೇಲೂ ದಪ್ಪ ಹಳದಿ ಅಕ್ಷರದಲ್ಲಿ ಅಚ್ಚೊತ್ತಿಸಿ, ಯೂಟ್ಯೂಬು, ಇನ್‌ಸ್ಟಾಗ್ರಾಂ ಎರಡೂ ಕಡೆ ಏರಿಸಿ, ಚಹಾ ಕುಡಿಯಲು ಎದ್ದಳು.

ಅಜ್ಜಿ ತನ್ನ ಕಣ್ಣನ್ನು ಆಡಿಕೊಂಡಿದ್ದಳು. ಈ ಸಾಲು ಆಡಿಕೊಂಡದ್ದು ಸೊಸೆಯ ರೊಟ್ಟಿಯನ್ನು. ಕನ್ನಡಕ ಹಾಕಿದರೆ ಮಾತ್ರ ದುಂಡಗೆ ಕಾಣುವ ರೊಟ್ಟಿ! ನಗೆ ಅಷ್ಟೇ ಇತ್ತು, ಬೀಳುವ ತಲೆ ಬೇರೆಯಾಗಿತ್ತು. ಹದಿನಾಲ್ಕು ವರ್ಷ 'ಶ್ರೀ' ತೂಗಿದ ಹೆಂಗಸಿಗೆ ಇದು ಕಾಣಲಿಲ್ಲ ಅಂದರೆ ನಂಬಲು ನನಗೂ ಕಷ್ಟ. ಕಂಡಿತ್ತು ಅಂತಲೇ ನನ್ನ ಗುಮಾನಿ, ಎಲ್ಲೋ ಒಂದು ಮೂಲೆಯಲ್ಲಿ. ಚಹಾ ಕುಡಿಯುವ ಅವಸರದಲ್ಲಿ ಆ ಮೂಲೆ ಕಡೆ ತಿರುಗಲಿಲ್ಲ.

ಶನಿವಾರದ ಹೊತ್ತಿಗೆ ಎರಡು ಲಕ್ಷ ಜನ ನೋಡಿದ್ದರು. ರೇವಣ್ಣ ಕುಣಿದಾಡಿಬಿಟ್ಟ. ದಾವಣಗೆರೆಯ ಕನ್ನಡಕದವರೆಲ್ಲ ನನಗೇ ಫೋನ್ ಮಾಡ್ತಿದಾರೆ ಅಂದ. ಪ್ರೇಮಲತಾ ಕಮೆಂಟುಗಳನ್ನು ಒಂದೊಂದೇ ಓದಿ ಸುಖಪಟ್ಟಳು. ಪಾಪ ಅತ್ತೆ, ಎಷ್ಟು ವರ್ಷ ತಿಂದು ಸಹಿಸಿಕೊಂಡಳೋ. ಸೊಸೆಗೆ ಕನ್ನಡಕ ಬ್ಯಾಡ, ಕಂಪಾಸ್ ಕೊಡಿಸ್ರಿ. ಅದು ರೊಟ್ಟಿಯೋ ಹಿಂದೂಸ್ತಾನದ ನಕ್ಷೆಯೋ. ಈ ಕಾಲದ ಹುಡುಗೀರಿಗೆ ತಟ್ಟೋದು ಬಂದ್ರೆ ತಾನೆ. ಹೀಗೆ ನೂರಾರು. ಅಷ್ಟು ಕಮೆಂಟಿನಲ್ಲಿ ಅಜ್ಜಿಯ ಕಣ್ಣಿನ ಮಾತು ಒಬ್ಬರೂ ಎತ್ತಿರಲಿಲ್ಲ. ಎಲ್ಲಿಂದ ಎತ್ತಿಯಾರು. ಓದುತ್ತಾ ಓದುತ್ತಾ ಅವಳ ನಗು ಸ್ವಲ್ಪ ಸಪ್ಪಗಾಯಿತು, ಆದರೂ ಎಣಿಕೆ ಏರುವುದನ್ನು ನೋಡುವ ಸುಖ ಬಿಡಲಿಲ್ಲ.

ಮರುದಿನ ರೇವಣ್ಣ ಮತ್ತೆ ಫೋನು ಮಾಡಿದ. ಬೇರೆ ಏನೋ ಮಾತಾಡುತ್ತಾ ನಡುವೆ ಅಂದ, ಆ ಅಜ್ಜಿ ಮಗ ಬಂದಿದ್ದ ಮೇಡಂ, ಕನ್ನಡಕ ವಾಪಸ್ ಕೊಟ್ಟು ಹೋದ. ಯಾಕಂತೆ ಅಂದಳು ಪ್ರೇಮಲತಾ. ರೇವಣ್ಣ ನಗುತ್ತಲೇ ಹೇಳಿದ. ವಿಡಿಯೋ ಊರ ತುಂಬ ವಾಟ್ಸಪ್ಪಿನಲ್ಲಿ ತಿರುಗಿದೆ. ನೀರಿಗೆ ಹೋದಲ್ಲಿ ಹೆಂಗಸರು ಸೊಸೆಯನ್ನು, ನಿಮ್ಮನಿಗೆ ಊಟಕ್ಕೆ ಬರಾದಾದ್ರೆ ಕನ್ನಡಕ ತರಬೇಕೇನೇ ಅಂತ ಕೇಳಿದ್ದಾರೆ. ಆ ಹೆಣ್ಣುಮಗಳು ಅವತ್ತಿಂದ ರೊಟ್ಟಿ ತಟ್ಟುವುದು ಬಿಟ್ಟಿದ್ದಾಳೆ. ಜಗಳ ಇಲ್ಲ, ಮಾತೂ ಇಲ್ಲ. ಮೂರು ಹೊತ್ತೂ ಅನ್ನ ಇಟ್ಟು, ಬಡಿಸಿ, ಹೋಗಿ ಹಿತ್ತಲಲ್ಲಿ ಕೂರುತ್ತಾಳಂತೆ. ನಾನು ಹಂಗಂದಿಲ್ಲ ಕಣೋ ಅಂತ ಅಜ್ಜಿ ಬಡಕೊಂಡರೂ ಯಾರೂ ನಂಬುತ್ತಿಲ್ಲ, ವಿಡಿಯೋದಲ್ಲಿ ಅವಳ ಮುಖದ ಮೇಲೇ ಬರೆದಿದೆಯಲ್ಲ. ಅದಕ್ಕೇ ಮುದುಕಿ ಈ ದರಿದ್ರ ಬ್ಯಾಡ ಅಂತ ಕನ್ನಡಕ ತೆಗೆದು ಮಗನ ಕೈಗೆ ಕೊಟ್ಟಿದ್ದಾಳೆ.

ಪ್ರೇಮಲತಾ ಫೋನು ಇಟ್ಟಳು. ಯಾರೂ ಇಲ್ಲದ ಕೋಣೆಯಲ್ಲಿ ಯಾರೋ ನೋಡುತ್ತಿದ್ದಾರೆ ಅನ್ನುವ ಹಾಗೆ ತಲೆ ತಗ್ಗಿಸಿದಳು. ಇಪ್ಪತ್ತು ವರ್ಷದ ಬೈಗುಳಕ್ಕೆ ಒಂದು ಮುದುಕಿ ನಾಲ್ಕು ಜನರ ಎದುರು ತಪ್ಪಾಯಿತು ಅಂದಿದ್ದಳು. ಎದುರಿಗೆ ಹೇಳಲು ಬಾಯಿ ಬಾರದೆ, ನಗೆಯಲ್ಲಿ ಸುತ್ತಿ, ಸೊಸೆಗೆ ಮುಟ್ಟಿಸು ಅಂತ ಇವಳ ಕೈಗೆ ಕೊಟ್ಟಿದ್ದಳು. ಇವಳು ಅದರಲ್ಲಿ ತಪ್ಪಾಯಿತು ಅನ್ನುವುದನ್ನೇ ಕತ್ತರಿಸಿ ಬಿಸಾಡಿ, ಉಳಿದದ್ದನ್ನು ಇನ್ನೊಂದು ಬೈಗುಳ ಮಾಡಿ, ಎರಡು ಲಕ್ಷ ಜನರ ಕೈಯಲ್ಲಿ ಕಳಿಸಿದ್ದಳು. ಛೇ, ಏನು ಕೆಲಸ ಮಾಡಿದೆ ಅಂತ ಬಾಯಿ ಬಿಟ್ಟೇ ಅಂದುಕೊಂಡಳು.

ಜಾಗ ಇರಲಿಲ್ಲ, ನಾನೇನು ಮಾಡಲಿ. ಈ ಮಾತು ಅವಳ ಬಾಯಿಗೆ ಆಗಲೇ ಬಂದಾಗಿತ್ತು. ನಿಜವಾಗಿ ಜಾಗ ಇರಲಿಲ್ಲವೋ ನೋಡೋಣ ಅಂತ ಮತ್ತೆ ಪೆಟ್ಟಿಗೆ ತೆರೆದು ಕೂತಳು. ಅಂಗಡಿ ಹೆಸರು ಹಾಗೇ ಇರಲಿ, ಊರೂ ಇರಲಿ. 'ಅಂತ ಬೈದೆ' ಹೋಗಿ 'ಅಂತಿದ್ದೆ' ಆಯಿತು. 'ಹಾಕ್ಕಂಡ್ರೆ' ಹೋಗಿ 'ಹಾಕಿದ್ರೆ' ಆಯಿತು. 'ಇದ್ದಿದ್ದು' ಬೇಕಾಗಿಯೇ ಇರಲಿಲ್ಲ. 'ನನ್ನ' ಅನ್ನುವುದು ನಮ್ಮ ಕಡೆ ಬಾಯಲ್ಲಿ ಬರುವ ಹಾಗೆ 'ನನ್' ಆಯಿತು.

'ಸೊಸೆ ರೊಟ್ಟಿ ಸೊಟ್ಟ ಅಂತಿದ್ದೆ. ಕನ್ನಡಕ ಹಾಕಿದ್ರೆ ದುಂಡಗೈತೆ, ಸೊಟ್ಟ ನನ್ ಕಣ್ಣು! | ಬೆಳಕಿಂಡಿ ಆಪ್ಟಿಕಲ್ಸ್, ಹರಿಹರ'

ತೊಂಬತ್ತೊಂಬತ್ತು. ಎರಡು ಸಲ ನೋಡಿದಳು, ಮೂರು ಸಲ ನೋಡಿದಳು. ತೊಂಬತ್ತೊಂಬತ್ತೇ. ನಗೆ ಇತ್ತು, ಅಜ್ಜಿ ಇದ್ದಳು, ಅಂಗಡಿ ಇತ್ತು, ಹಿಡಿಸಿತ್ತು. ಇದಕ್ಕೆ ತಗುಲಿದ್ದು ಹೆಚ್ಚೆಂದರೆ ಕಾಲು ಗಂಟೆ. ಜಾಗ ಇರಲಿಲ್ಲ ಅನ್ನುವ ಮಾತು ಅವಳ ಬಾಯಲ್ಲೇ ಒಣಗಿಹೋಯಿತು. ಹಿಡಿಸದೇ ಹೋಗಿದ್ದರೆ ಇಷ್ಟು ನಾಚಿಕೆ ಆಗುತ್ತಿರಲಿಲ್ಲ.

ರೇವಣ್ಣನಿಗೆ ಫೋನು ಮಾಡಿ ವಿಡಿಯೋ ತೆಗೆದುಬಿಡ್ತೀನಿ ಅಂದಳು. ಅವನು ಬೆಚ್ಚಿಬಿದ್ದ. ಎರಡೂವರೆ ಲಕ್ಷ ಮೇಡಂ, ತಲಿ ಸರಿ ಐತೇನ್ರಿ, ಬೇಕಾದ್ರೆ ಕೆಳಗಿನ ಸಾಲು ಬದಲಾಯಿಸ್ರಿ ಅಂದ. ಕೆಳಗಿನದು ಬದಲಾಗುತ್ತದೆ, ವಿಡಿಯೋದ ಮೇಲೆ ಅಚ್ಚಾದ ಹಳದಿ ಅಕ್ಷರ ಬದಲಾಗುವುದಿಲ್ಲ, ತೆಗೆಯಲೇಬೇಕು ಅಂದಳು. ಹಾಗೆಲ್ಲ ಮಾಡಿದರೆ ಮುಂದೆ ನಮ್ಮ ಕೆಲಸ ನೀವು ಮಾಡೋದು ಬ್ಯಾಡ ಅಂದ ರೇವಣ್ಣ. ಆಗಲಿ ಅಂದಳು. ಅವತ್ತು ಗಿರಾಕಿಗೆ ಅನ್ನಬೇಕಿದ್ದ 'ಇಲ್ಲ' ಇವತ್ತು ಎಷ್ಟು ಸಲೀಸಾಗಿ ಬಂತು, ಅದು ಇನ್ನೊಂದು ಸಂಕಟ. ಎರಡೂ ಕಡೆಯಿಂದ ಅಳಿಸಿದಳು. ಊರವರ ಫೋನುಗಳಿಗೆ ಇಳಿದು ಕೂತದ್ದನ್ನು ಅಳಿಸುವುದು ಯಾರ ಕೈಲೂ ಆಗದ ಮಾತು.

ಸೋಮವಾರ ಬೆಳಗ್ಗೆ ಹರಿಹರಕ್ಕೆ ಹೋದಳು. ರೇವಣ್ಣ ಮುಖ ಗಂಟಿಕ್ಕಿಕೊಂಡೇ ಕನ್ನಡಕದ ಡಬ್ಬಿ ಎತ್ತಿ ಕೊಟ್ಟ. ಬೇರೆ ಬಸ್ಸು ಹಿಡಿದು ಕೊಕ್ಕನೂರಿನಲ್ಲಿ ಇಳಿದಾಗ ಹತ್ತೂವರೆ. ದಾರಿಯುದ್ದಕ್ಕೂ ಏನು ಹೇಳಬೇಕು ಅಂತ ಮನಸ್ಸಿನಲ್ಲೇ ಬರೆದಳು, ಒರೆಸಿದಳು, ಮತ್ತೆ ಬರೆದಳು. ಚಟ ನೋಡಿ, ಅದನ್ನೂ ಮೊಟಕು ಮಾಡುತ್ತಿದ್ದಳು. ಹಂಪವ್ವನ ಮನೆ ಎಲ್ಲಿ ಅಂತ ಒಬ್ಬರನ್ನು ಕೇಳಿದರೆ, ಆ ರೊಟ್ಟಿಯೋರ ಮನೆನಾ ಅಂತ ನಕ್ಕು ತೋರಿಸಿದರು. ಆ ನಗು ತಾನು ಬರೆದದ್ದು ಅಂತ ಅವಳಿಗೆ ಗೊತ್ತಿತ್ತು. ನೆಲ ನೋಡುತ್ತಾ ನಡೆದಳು.

ಹನುಮೇಶ್ ಗದ್ದೆಗೆ ಹೋಗಿದ್ದ. ಹಂಪವ್ವ ಪಡಸಾಲೆಯ ಕಂಬಕ್ಕೆ ಒರಗಿ ಶೇಂಗಾಕಾಯಿ ಬಿಡಿಸುತ್ತಿದ್ದಳು, ಕಣ್ಣಿಗಿಂತ ಬೆರಳಿನಿಂದ. ಒಳಬಾಗಿಲಲ್ಲಿ ಅಂಬಿಕಾ ಬಂದು ನಿಂತಳು. ನಲವತ್ತರ ಹತ್ತಿರದ, ಮೆತ್ತಗಿನ ಮುಖದ ಹೆಂಗಸು. ಯಾರು ಅಂತ ತಿಳಿದ ಮೇಲೂ ಕೂಡ್ರಿ ಅಂದಳು, ನೀರು ತಂದು ಇಟ್ಟಳು. ಬೈದಿದ್ದರೆ ಪ್ರೇಮಲತಾಳಿಗೆ ಹಗುರ ಆಗುತ್ತಿತ್ತೇನೋ. ಆ ನೀರಿನ ಚೊಂಬು ಮುಟ್ಟಲೂ ಅವಳಿಗೆ ಮುಜುಗರವಾಯಿತು.

ಹೇಳಿದಳು ಹೇಗೋ. ಅಜ್ಜಿ ಅಂದದ್ದು ಹಾಗಲ್ಲ, ಕತ್ತರಿಸಿದ್ದು ನಾನು, ಅಜ್ಜಿಯ ತಪ್ಪೇನೂ ಇಲ್ಲ ಅಂದಳು. ಯಾಕೆ ಕತ್ತರಿಸಿದೆ ಅಂತ ಹಂಪವ್ವ ಕೇಳಿದಳು. ಅದರಲ್ಲಿ ನೂರೇ ಹಿಡಿಸೋದು ಅಜ್ಜಿ ಅಂತ ಶುರುಮಾಡಿ, ಒತ್ತಕ್ಷರದ ಲೆಕ್ಕವನ್ನೆಲ್ಲ ಓದು ಬಾರದ ಹೆಂಗಸಿನ ಮುಂದೆ ಬಿಡಿಸಿಟ್ಟಳು. ಹೇಳುತ್ತಾ ಹೇಳುತ್ತಾ ತನ್ನ ದನಿ ತನಗೇ ಹೇಸಿಗೆ ಅನ್ನಿಸಿತು. ಕೊನೆಗೆ, ಹಿಡಿಸ್ತಿತ್ತು ಅಜ್ಜಿ, ನಾನು ಸರಿಯಾಗಿ ನೋಡಲಿಲ್ಲ ಅಂತ ನಿಲ್ಲಿಸಿದಳು.

ಹಂಪವ್ವ ಕೈಯಲ್ಲಿದ್ದ ಕಾಯಿಯನ್ನು ಬಿಡಿಸದೆ ಮೊರಕ್ಕೆ ಹಾಕಿದಳು. "ನಾನು ಇಪ್ಪತ್ತು ವರ್ಷ ಬೈದೆನಲ್ಲ ತಾಯಿ, ಅದಕ್ಕೆ ಯಾರೂ ಇಷ್ಟೇ ಅಂತ ಅಳತಿ ಹಾಕ್ಲಿಲ್ಲ. ತಪ್ಪಾತು ಅನ್ನಾಕೆ ಹೋದ್ರೆ ಜಾಗ ಇಲ್ಲ ಅಂತೀಯಲ್ಲ."

ಬಾಗಿಲಲ್ಲಿ ನಿಂತಿದ್ದ ಅಂಬಿಕಾ ನಂಬಿದಳೋ ಬಿಟ್ಟಳೋ ಮುಖದಲ್ಲಿ ತಿಳಿಯುತ್ತಿರಲಿಲ್ಲ. ಅತ್ತೆಯನ್ನು ಉಳಿಸಲು ಯಾರೋ ಹೇಳಿಕೊಟ್ಟು ಕಳಿಸಿದ್ದಾರೆ ಅಂದುಕೊಂಡಿದ್ದರೂ ತಪ್ಪಿಲ್ಲ. ಆಗ ಪ್ರೇಮಲತಾಳಿಗೆ ಮೂಲ ವಿಡಿಯೋ ಫೋನಿನಲ್ಲೇ ಇರುವುದು ನೆನಪಾಯಿತು, ಕತ್ತರಿಸದ್ದು, ದನಿ ಇದ್ದದ್ದು. ಮಷೀನಿನ ಸದ್ದು ಇರುತ್ತೆ, ಕಿವಿಗೊಟ್ಟು ಕೇಳ್ರಿ ಅಂತ ದನಿಯನ್ನು ಪೂರ್ತಿ ಏರಿಸಿ ಅಂಬಿಕಾಳ ಕೈಗೇ ಫೋನು ಕೊಟ್ಟಳು.

ಗುಂಯ್ ಅನ್ನುವ ಸದ್ದು ಪಡಸಾಲೆ ತುಂಬಿತು. ಅದರೊಳಗಿಂದ ಹಂಪವ್ವನ ದನಿ ಬಂತು, ಇಪ್ಪತ್ತು ವರ್ಷದಿಂದ ಸೊಸೆ ರೊಟ್ಟಿ ಸೊಟ್ಟ ಅಂತ ಬೈದೆ. ಅಂಬಿಕಾ ಫೋನನ್ನು ಕಿವಿಯ ಹತ್ತಿರ ಹಿಡಿದಳು. ಸೊಟ್ಟ ಇದ್ದಿದ್ದು ನನ್ನ ಕಣ್ಣು. ಅಂಗಡಿಯ ಜನ ನಕ್ಕ ಸದ್ದು ಬಂತು. ಇಲ್ಲಿಗೆ ಮುಗಿಯಿತು ಅಂತ ಪ್ರೇಮಲತಾ ಕೈ ಚಾಚಿದಳು. ವಿಡಿಯೋ ಮುಗಿದಿರಲಿಲ್ಲ. ನಗು ಇಳಿದ ಮೇಲೆ ಅಜ್ಜಿಯ ದನಿ ಮತ್ತೆ ಬಂತು, ಈ ಸಲ ಮೆತ್ತಗೆ, ನಗೆ ಇಲ್ಲದೆ. "ಅಂಬಿಕಾ, ಇದನ್ನ ನೋಡಿದ್ಯಂದ್ರೆ ಕೇಳು. ನೀನು ನಮ್ಮನಿಗೆ ಬಂದ ವರ್ಷ ನಾನು..."

ಅದರ ಮೇಲೆ ಇನ್ನೊಂದು ದನಿ ಬಿತ್ತು, ಫೋನಿಗೆ ಹತ್ತಿರವಾದ್ದರಿಂದ ದೊಡ್ಡದಾಗಿ, ಸಲೀಸಾಗಿ, ನಗುತ್ತಾ. "ಸಾಕಜ್ಜಿ, ಸಾಕು. ಉದ್ದ ಆದ್ರೆ ಯಾರೂ ನೋಡಾದಿಲ್ಲ." ವಿಡಿಯೋ ನಿಂತಿತು.

ಆ ದನಿ ಪ್ರೇಮಲತಾಳದ್ದು. ಅವಳಿಗೆ ನೆನಪೂ ಇರಲಿಲ್ಲ. ದಿನಕ್ಕೆ ಹತ್ತು ಜನಕ್ಕೆ ಅನ್ನುವ ಮಾತದು. ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡು ಸೆರಗಿನೊಳಗೆ ಇಟ್ಟುಕೊಂಡಳು. ಎಲ್ಲಿ ನೋಡಬೇಕು ತಿಳಿಯಲಿಲ್ಲ. ಮುಖ ಎತ್ತಿದರೆ ಇಬ್ಬರಲ್ಲಿ ಒಬ್ಬರ ಕಣ್ಣು ಸಿಗುತ್ತಿತ್ತು.

ಅಂಬಿಕಾ ಫೋನನ್ನು ಅವಳ ಪಕ್ಕದಲ್ಲಿ ಇಟ್ಟಳು. ಅತ್ತೆಯ ಮುಂದೆ ನೆಲದ ಮೇಲೆ ಕೂತಳು, ಮೊರ ನಡುವೆ ಇತ್ತು. ಮೂರ್ನಾಲ್ಕು ದಿನದ ಮೇಲೆ ಅತ್ತೆಯನ್ನು ನೇರ ನೋಡಿ ಕೇಳಿದಳು, "ನಾನು ಬಂದ ವರ್ಷ ಏನತ್ತಿ? ಏನು ಹೇಳಾಕೆ ಹೊಂಟಿದ್ದೆ?"

ಹಂಪವ್ವ ಬಾಯಿ ತೆರೆದಳು. 'ಸಾಕಜ್ಜಿ' ಅಂದ ಹೆಂಗಸು ಎದುರಿಗೇ ಕೂತಿದ್ದಳು. ಅಜ್ಜಿ ಅವಳ ಕಡೆ ಒಮ್ಮೆ ನೋಡಿ ಮತ್ತೆ ಸೊಸೆಯ ಕಡೆ ತಿರುಗಿದಳು.

"ಇವ್ರು ಹೋಗ್ಲಿ ತಡಿ. ಹೇಳ್ತೀನಿ."

ದನಿಯಲ್ಲಿ ಸಿಟ್ಟಿರಲಿಲ್ಲ. ಅದನ್ನೇ ಪ್ರೇಮಲತಾಳಿಗೆ ತಡೆಯಲಾಗಲಿಲ್ಲ. ಎದ್ದಳು. ಕನ್ನಡಕದ ಡಬ್ಬಿಯನ್ನು ಕಂಬದ ಬುಡದಲ್ಲಿ ಇಟ್ಟಳು. ಬರ್ತೀನ್ರಿ ಅಂದದ್ದು ಇಬ್ಬರಿಗೂ ಕೇಳಿಸಿದಂತೆ ಕಾಣಲಿಲ್ಲ. ಹೊಸಿಲು ದಾಟಿ ಚಪ್ಪಲಿ ಮೆಟ್ಟುವಾಗ ಒಳಗೆ ಇನ್ನೂ ಯಾರೂ ಮಾತಾಡಿರಲಿಲ್ಲ, ಅವಳು ದೂರ ಹೋಗಲಿ ಅಂತ ಕಾಯುತ್ತಿದ್ದರು. ಅವಳು ಬೇಗ ಬೇಗ ನಡೆದಳು.